ಅವ್ವನ ಮಾತ್ರೆ, ಅವ್ವನ ಊಟ



ಇದು ಉದ್ದದ ಪೋಸ್ಟ್. ಬಿಡುವಿದ್ದಾಗ ಓದಿ. ಮನೇಲಿ ಯಾರಿಗಾದ್ರೂ ಕೈ ನಡುಗೋ, ಮೈ ಬಿಗಿಯೋ ಪಾರ್ಕಿನ್ಸನ್ ಕಾಯಿಲೆ ಇದ್ರೆ ಈಗಲೇ ಓದಿ.

ಕಳೆದ ವರ್ಷ ಏಪ್ರಿಲ್ 14ರ ಕಾರ್ಯಕ್ರಮಕ್ಕೆ ಬಂದಿದ್ದವರಿಗೆ ನೆನಪಿರಬಹುದು. ಊಟ ಆದ ಮೇಲೆ ನಮ್ಮವ್ವ ಪೆಂಡಾಲಿನ ಕುರ್ಚಿ ಬಿಟ್ಟು ಏಳಲಿಲ್ಲ. ಏಳಲಿಲ್ಲ ಅಂದ್ರೆ ಏಳಕ್ಕಾಗಲಿಲ್ಲ. ಬೆಳಿಗ್ಗೆ ಮೆರವಣಿಗೇಲಿ ಅರ್ಧ ಕಿಲೋಮೀಟರ್ ನಡೆದು ಬಂದವಳು, ಮಧ್ಯಾಹ್ನ ಎರಡು ಗಂಟೆಗೆ ಕಲ್ಲಿನ ಥರ ಕೂತಿದ್ದಳು. ಮುಖದಲ್ಲಿ ಚಲನೆ ಇಲ್ಲ, ಬಲಗೈ ಮಾತ್ರ ತೊಡೆ ಮೇಲೆ ಪಟಪಟ ಅಂತ ನಡುಗ್ತಿತ್ತು. ನಾಲ್ಕು ಜನ ಸೇರಿ ಕುರ್ಚಿ ಸಮೇತ ಎತ್ಕೊಂಡು ಆಟೋಗೆ ಹಾಕಿದ್ವಿ. ಹಿಂದೆ ಯಾರೋ, "ಬಿರಿಯಾನಿ ತಿಂದವಳೇನೋ, ಆಗದೋರು ಯಾಕೆ ತಿನ್ನಬೇಕು" ಅಂದಿದ್ದು ನನ್ನ ಕಿವಿಗೆ ಬಿತ್ತು.

ಅವ್ವ ಬಿರಿಯಾನಿ ತಿಂದಿರಲಿಲ್ಲ. ಅವಳು ಮಾಂಸ ಬಿಟ್ಟು ಆಗಲೇ ಐದು ತಿಂಗಳಾಗಿತ್ತು. ಆವತ್ತು ಅವಳಿಗೆ ಅಂತ ಬೇರೆ ಮಾಡಿಸಿದ್ದು ಅನ್ನ, ಕಾಳು ಸಾರು, ಒಂದು ಬಟ್ಟಲು ಗಟ್ಟಿ ಮೊಸರು. ಇಡೀ ಕಥೆ ಇರೋದು ಇಲ್ಲೇ.

ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ಅವ್ವನಿಗೆ ಈಗ 68. ಕೂಲಿ ಮಾಡಿ ನಮ್ಮನ್ನ ಸಾಕಿದವಳು. ಆರು ವರ್ಷದ ಕೆಳಗೆ ಬಲಗೈ ನಡುಗೋಕೆ ಶುರುವಾಯ್ತು, ಆಮೇಲೆ ಹೆಜ್ಜೆ ಚಿಕ್ಕದಾಯ್ತು, ಸೀರೆ ನೆರಿಗೆ ಹಿಡಿಯಕ್ಕೆ ಅರ್ಧ ಗಂಟೆ ಬೇಕಾಯ್ತು. ಪಾರ್ಕಿನ್ಸನ್ ಅಂದ್ರು. ಲೆವೊಡೋಪ ಮಾತ್ರೆ ಬರೆದ್ರು. 100 ಮಿಲಿಗ್ರಾಂ ಲೆವೊಡೋಪ, ಜೊತೆಗೆ 25 ಮಿಲಿಗ್ರಾಂ ಕಾರ್ಬಿಡೋಪ, ಎರಡೂ ಒಂದೇ ಮಾತ್ರೇಲಿ. ದಿನಕ್ಕೆ ಮೂರು. ಮೆಡಿಕಲ್ ಸ್ಟೋರಿನವನು ಕವರ್ ಮೇಲೆ "ಊಟದ ನಂತರ" ಅಂತ ಬರೆದುಕೊಟ್ಟ. ಮೊದಲ ಸಲ ಈ ಮಾತ್ರೆ ಶುರು ಮಾಡಿದಾಗ ಹೊಟ್ಟೆ ತೊಳೆಸುತ್ತೆ, ವಾಂತಿ ಬರುತ್ತೆ. ಹಾಗಾಗಿ ಶುರುವಲ್ಲಿ ಊಟದ ಜೊತೆ ಕೊಡೋದು ತಪ್ಪೇನಲ್ಲ. ಆದ್ರೆ ಆ "ಊಟದ ನಂತರ"ವನ್ನ ಆಮೇಲೆ ಯಾರೂ ಅಳಿಸಲಿಲ್ಲ. ಆರು ವರ್ಷ ಅದೇ ನಡೀತು.

ಮೊದಲ ನಾಲ್ಕು ವರ್ಷ ತೊಂದರೆ ಇರಲಿಲ್ಲ. ಮಾತ್ರೆ ಯಾವಾಗ ನುಂಗಿದರೂ ದಿನವೆಲ್ಲ ನಡೀತಿತ್ತು. ಇದಕ್ಕೂ ಕಾರಣ ಇದೆ. ಕಾಯಿಲೆ ಶುರುವಲ್ಲಿ ಮಿದುಳಿನಲ್ಲಿ ಡೋಪಮೈನ್ ಮಾಡೋ ಕೋಶಗಳು ಇನ್ನೂ ಒಂದಷ್ಟು ಉಳಿದಿರ್ತವೆ. ಅವು ಬಂದ ಔಷಧಿಯನ್ನ ಡೋಪಮೈನ್ ಮಾಡಿ ಕೂಡಿಟ್ಕೊಂಡು, ನಿಧಾನಕ್ಕೆ ಖರ್ಚು ಮಾಡ್ತವೆ. ಒಂದು ಹೊತ್ತು ಕಮ್ಮಿ ಬಂದ್ರೂ ಗೊತ್ತಾಗಲ್ಲ. ವರ್ಷ ಕಳೆದಂಗೆ ಆ ಕೋಶಗಳು ಇನ್ನಷ್ಟು ಸಾಯ್ತವೆ, ಕೂಡಿಡೋ ಜಾಗ ಇಲ್ಲದಾಗುತ್ತೆ. ಆಮೇಲೆ ದಿನಗೂಲಿ ಲೆಕ್ಕ. ಬಂದಿದ್ದು ಆಗಲೇ ಖರ್ಚು. ಲೆವೊಡೋಪ ರಕ್ತದಲ್ಲಿ ಒಂದೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತೆ. ಹಾಗಾಗಿ ಒಂದು ಮಾತ್ರೆ ಮಿದುಳಿಗೆ ಸರಿಯಾಗಿ ತಲುಪಲಿಲ್ಲ ಅಂದ್ರೆ ಆ ಹೊತ್ತು ಪೂರ್ತಿ ಉಪವಾಸ.

ಅವ್ವನಿಗೆ ಐದನೇ ವರ್ಷ ಹಾಗೇ ಆಯ್ತು. ಮಧ್ಯಾಹ್ನದ ಮಾತ್ರೆ ಕೆಲಸ ಮಾಡೋದು ನಿಂತೋಯ್ತು. ಹತ್ತಿರದ ಒಂದು ಖಾಸಗಿ ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ಡಾಕ್ಟ್ರು ಎರಡು ನಿಮಿಷ ನೋಡಿದ್ರು. ಆಮೇಲೆ ಹೊರಗೆ ಕೂತಿದ್ದ ಅವರ ಸಹಾಯಕ ಊಟದ ಬಗ್ಗೆ ಹೇಳೋಕೆ ಕರೆದ. ಯಾವ ಊರು, ಯಾವ ಬೀದಿ ಅಂತ ಕೇಳಿದ. ಬೀದಿ ಹೆಸರು ಹೇಳಿದ್ಮೇಲೆ, "ನೀವೆಲ್ಲ ಮಾಂಸ ಜಾಸ್ತಿ ತಿಂತೀರಲ್ಲ, ಅದಕ್ಕೇ. ಪ್ರೋಟೀನ್ ಇದ್ರೆ ಈ ಮಾತ್ರೆ ಹಿಡಿಯಲ್ಲ. ಮಾಂಸ, ಮೊಟ್ಟೆ, ಮೀನು ಪೂರ್ತಿ ಬಿಡ್ಸಿ. ಬೇಳೆ, ಕಾಳು, ಹಾಲು, ಮೊಸರು ಚೆನ್ನಾಗಿ ಕೊಡಿ. ಮಾತ್ರೇನ ಹಾಲಲ್ಲಿ ಕೊಡಿ, ಉಷ್ಣ ಆಗಲ್ಲ" ಅಂದ.

ನನಗೆ ಸಿಟ್ಟು ಬಂತು. ಆದ್ರೆ ಸಿಟ್ಟು ಬಂದಿದ್ದು ಅವನು ಮಾತಾಡಿದ ರೀತಿಗೆ. ಮಾಹಿತಿ ತಪ್ಪಿರಬಹುದು ಅಂತ ಅನುಮಾನ ಬರಲಿಲ್ಲ. ಬಿ.ಎ. ಓದಿದ, ವಿಜ್ಞಾನವನ್ನ ಹತ್ತನೇ ಕ್ಲಾಸಿಗೇ ಬಿಟ್ಟ ಗುಮಾಸ್ತ ನಾನು. ವೇದಿಕೆ ಮೇಲೆ ಆಹಾರದ ಹಕ್ಕಿನ ಬಗ್ಗೆ ಭಾಷಣ ಮಾಡೋನು, ಮನೆಗೆ ಬಂದು ಅವ್ವನ ತಟ್ಟೆಯಿಂದ ಮಾಂಸ ತೆಗೆಸಿದೆ. "ಬುಡ್ಲಾ ಮಗ, ನೀನೇಳುದ್ರೆ ಸರಿ" ಅಂತ ಅವಳೂ ಬಿಟ್ಟಳು. ದಿನಕ್ಕೆ ಎರಡು ದೊಡ್ಡ ಲೋಟ ಹಾಲು, ಮಧ್ಯಾಹ್ನ ಗಟ್ಟಿ ಕಾಳು ಸಾರು, ಮೊಸರು. ಐದು ತಿಂಗಳಲ್ಲಿ ಅವ್ವ 52 ಕೆ.ಜಿ.ಯಿಂದ 46ಕ್ಕೆ ಇಳಿದಳು. ಬಿಗಿತ ಕಮ್ಮಿ ಆಗಲಿಲ್ಲ, ಇನ್ನೂ ಜಾಸ್ತಿ ಆಯ್ತು. ಆಮೇಲೆ ಆ ಏಪ್ರಿಲ್ 14.

ಆವತ್ತು ರಾತ್ರಿ ನಾನು ಮಾಡಿದ್ದು ಗುಮಾಸ್ತನ ಕೆಲಸ. ಆಫೀಸಿನಲ್ಲಿ ರದ್ದಿಗೆ ಹೋಗ್ತಿದ್ದ ಒಂದು ಹಳೇ ಲೆಡ್ಜರ್ ತಂದಿದ್ದೆ, ಅದರ ಖಾಲಿ ಹಾಳೆಗೆ ಗೆರೆ ಎಳೆದೆ. ಮಾತ್ರೆ ನುಂಗಿದ ಸಮಯ. ಏನು ತಿಂದಳು, ಎಷ್ಟು ಹೊತ್ತಿಗೆ. ಕೈ ಸಡಿಲ ಆಗಿ ತಾನೇ ಎದ್ದು ನಿಂತಿದ್ದು ಎಷ್ಟು ಹೊತ್ತಿಗೆ. ಮತ್ತೆ ಬಿಗಿದಿದ್ದು ಎಷ್ಟು ಹೊತ್ತಿಗೆ. ನಾಲ್ಕೇ ಕಾಲಂ. ನಾನಿಲ್ಲದ ಹೊತ್ತಲ್ಲಿ ಹೆಂಡತಿ ಬರೀತಿದ್ದಳು, ಅವಳಿಲ್ಲದಾಗ ಮಗಳು. ಹದಿನಾಲ್ಕು ದಿನ ಬರೆದ್ವಿ.

ಮೊದಲ ಸೋಮವಾರದ್ದು ಹೀಗಿದೆ. ಬೆಳಿಗ್ಗೆ 8ಕ್ಕೆ ಮಾತ್ರೆ, ಒಂದು ಲೋಟ ಹಾಲು, ಮೂರು ಇಡ್ಲಿ. ಎದ್ದು ಓಡಾಡಿದ್ದು 9:30ಕ್ಕೆ. ಮಧ್ಯಾಹ್ನ 1ಕ್ಕೆ ಮುದ್ದೆ, ಹುರುಳಿಕಾಳು ಸಾರು, ಮೊಸರು, 1:30ಕ್ಕೆ ಮಾತ್ರೆ, ಮುಂದಿನ ಕಾಲಂನಲ್ಲಿ ಮಗಳು "ಎದ್ದೇ ಇಲ್ಲ" ಅಂತ ಬರೆದಿದ್ದಾಳೆ. ಮಂಗಳವಾರವೂ ಹೆಚ್ಚುಕಮ್ಮಿ ಅದೇ. ಬುಧವಾರ ಹೆಂಡತಿ ಬ್ಯಾಂಕ್ ಕೆಲಸಕ್ಕೆ ಹೋದವಳು ಬರೋದು ತಡ ಆಯ್ತು. ಅವ್ವ 1 ಗಂಟೆಗೆ ಬರೀ ನೀರಲ್ಲಿ ಮಾತ್ರೆ ನುಂಗಿ ಕಾದು ಕೂತಿದ್ದಳು. 2:15ಕ್ಕೆ ಹೆಂಡತಿ ಬಂದು ನೋಡ್ತಾಳೆ, ಅವ್ವ ಅಂಗಳ ಗುಡಿಸ್ತಾ ಇದ್ದಾಳೆ. 1:40ಕ್ಕೆಲ್ಲ ಕೈ ಸಡಿಲ ಆಗಿತ್ತಂತೆ.

ಹದಿನಾಲ್ಕು ದಿನದಲ್ಲಿ ಮಧ್ಯಾಹ್ನದ ಮಾತ್ರೆ ಮುಕ್ಕಾಲು ಗಂಟೆ ಒಳಗೆ ಕೆಲಸ ಮಾಡಿದ್ದು ಮೂರೇ ದಿನ. ಎರಡು ದಿನ ಊಟ ತಡ ಆಗಿತ್ತು, ಒಂದು ದಿನ ಹೊಟ್ಟೆ ಸರಿ ಇಲ್ಲ ಅಂತ ಬರೀ ಗಂಜಿ ಕುಡಿದಿದ್ದಳು. ಉಳಿದ ಹನ್ನೊಂದು ದಿನದಲ್ಲಿ ಒಂಬತ್ತು ದಿನ ಒಂದೋ ಏನೂ ಇಲ್ಲ, ಇಲ್ಲಾ ನಾಲ್ಕು ಗಂಟೆ ಮೇಲೆ. ಆ ಹದಿನಾಲ್ಕೂ ದಿನ ಮನೇಲಿ ಅವ್ವ ಒಂದು ತುಂಡು ಮಾಂಸ ತಿಂದಿಲ್ಲ.

ಆ ಲೆಡ್ಜರ್ ಹಿಡ್ಕೊಂಡು ಸರ್ಕಾರಿ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಹೋದೆ. ಬೆಳಿಗ್ಗೆ ಆರಕ್ಕೆ ಚೀಟಿ ಸಾಲು, ಡಾಕ್ಟ್ರು ಸಿಕ್ಕಿದ್ದು ಹನ್ನೊಂದೂವರೆಗೆ. ಅವರು ಹೆಣ್ಮಗಳು. ಲೆಡ್ಜರ್ ತೆಗೆದುಕೊಂಡು ಒಂದೊಂದೇ ಸಾಲು ಬೆರಳಿಟ್ಟು ಓದಿದ್ರು. ಆಮೇಲೆ ಕೇಳಿದ್ರು, "ಅಮ್ಮ ಯಾಕಿಷ್ಟು ಸೊರಗಿದ್ದಾರೆ?" ನಾನು ಮಾಂಸ ಬಿಡಿಸಿದ ಕಥೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಮಾಂಸ ಬಿಡಿಸಿ ಹಾಲು ಕೊಟ್ರಾ? ಮಾತ್ರೆಗೆ ಅದು ಮಾಂಸವೋ ಹಾಲೋ ಅಂತ ಗೊತ್ತಾಗಲ್ಲ ಕಣ್ರೀ" ಅಂದ್ರು.

ಅವರು ಬಿಡಿಸಿ ಹೇಳಿದ್ದನ್ನ ನನಗೆ ಅರ್ಥ ಆದ ಹಾಗೆ ಬರೀತೀನಿ.

ಈ ಕಾಯಿಲೇಲಿ ಕಮ್ಮಿ ಆಗೋದು ಡೋಪಮೈನ್. ಆದ್ರೆ ಡೋಪಮೈನನ್ನೇ ಮಾತ್ರೆ ಮಾಡಿ ಕೊಟ್ರೆ ಅದು ರಕ್ತದಿಂದ ಮಿದುಳಿನ ಒಳಗೆ ಹೋಗಲ್ಲ. ಲೆವೊಡೋಪ ಹೋಗುತ್ತೆ. ಒಳಗೆ ಹೋದ್ಮೇಲೆ ಡೋಪಮೈನ್ ಆಗುತ್ತೆ. ದಾರೀಲೇ ಡೋಪಮೈನ್ ಆಗಿ ಹಾಳಾಗದ ಹಾಗೆ ಕಾಯೋಕೆ ಜೊತೆಗೆ ಕಾರ್ಬಿಡೋಪ. ಸರಿ, ಲೆವೊಡೋಪ ಯಾಕೆ ಒಳಗೆ ಹೋಗುತ್ತೆ? ಯಾಕಂದ್ರೆ ಅದೂ ಒಂದು ಅಮೈನೋ ಆಮ್ಲ. ನಾವು ತಿನ್ನೋ ಪ್ರೋಟೀನ್ ಜೀರ್ಣ ಆದ್ರೆ ಏನಾಗುತ್ತೋ ಅದೇ ಜಾತಿಯದು. (ಜಾತಿ ಅನ್ನೋ ಪದ ನಾನು ಇಷ್ಟು ಶಾಂತವಾಗಿ ಬಳಸಿದ್ದು ಇದೇ ಮೊದಲಿರಬೇಕು.) ಪ್ರೋಟೀನಿನಿಂದ ಬರೋ ಲ್ಯೂಸಿನ್, ಫೀನೈಲ್‌ಅಲನೈನ್ ಥರದ ಅಮೈನೋ ಆಮ್ಲಗಳನ್ನ ಒಳಗೆ ಬಿಡೋಕೆ ದೇಹದಲ್ಲಿ ಒಂದು ಬಾಗಿಲಿದೆ. ಲೆವೊಡೋಪ ನುಸುಳೋದೂ ಆ ಬಾಗಿಲಲ್ಲೇ.

ನ್ಯಾಯಬೆಲೆ ಅಂಗಡಿ ನೆನಪು ಮಾಡ್ಕೊಳ್ಳಿ. ಒಂದೇ ಕೌಂಟರ್. ಬೆಳಿಗ್ಗೆ ಜನ ಇಲ್ಲದಾಗ ಹೋದ್ರೆ ಐದು ನಿಮಿಷದಲ್ಲಿ ಅಕ್ಕಿ ತಗೊಂಡು ಬರಬಹುದು. ಊರೆಲ್ಲ ಸಾಲು ನಿಂತಾಗ ಹೋದ್ರೆ? ಒಂದು ಬಟ್ಟಲು ಕಾಳು ತಿಂದ್ರೆ ಹೊಟ್ಟೆಗೆ ಬೀಳೋದು ಗ್ರಾಂ ಲೆಕ್ಕದ ಪ್ರೋಟೀನು. ನಮ್ಮ ಮಾತ್ರೇಲಿರೋದು ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಆ ಸಾಲಲ್ಲಿ ಅದಕ್ಕೆ ಜಾಗ ಎಲ್ಲಿ ಸಿಗಬೇಕು.

ಇಂಥ ಕೌಂಟರ್ ಎರಡು ಕಡೆ ಇದೆ. ಒಂದು ಸಣ್ಣ ಕರುಳಿನ ಶುರುವಿನಲ್ಲಿ, ರಕ್ತಕ್ಕೆ ಹೋಗೋಕೆ. ಇನ್ನೊಂದು ರಕ್ತದಿಂದ ಮಿದುಳಿಗೆ ಹೋಗೋ ಜಾಗದಲ್ಲಿ. ಎರಡನೇದೇ ದೊಡ್ಡ ತಕರಾರು. 1984ರಲ್ಲಿ ಅಮೆರಿಕದ ಜಾನ್ ನಟ್ ಮತ್ತು ಸಂಗಡಿಗರು ಇದನ್ನ ತೋರಿಸಿಕೊಟ್ರು. ಲೆವೊಡೋಪವನ್ನ ಬಾಯಲ್ಲಿ ಕೊಡದೆ ನೇರ ರಕ್ತನಾಳಕ್ಕೆ ಸಮನಾಗಿ ಹರಿಸ್ತಾ ಇದ್ರು. ಹೊಟ್ಟೆ, ಕರುಳು ಲೆಕ್ಕಕ್ಕೇ ಇಲ್ಲ. ರೋಗಿಗಳು ಚೆನ್ನಾಗಿ ಓಡಾಡ್ತಿದ್ರು. ಆಗ ಪ್ರೋಟೀನ್ ಜಾಸ್ತಿ ಇರೋ ಊಟ ಕೊಟ್ರು. ರಕ್ತದಲ್ಲಿ ಔಷಧಿ ಇಳಿಯಲಿಲ್ಲ, ಇದ್ದಷ್ಟೇ ಇತ್ತು. ಆದ್ರೂ ಬಿಗಿತ ವಾಪಸ್ ಬಂತು. ರಕ್ತದಲ್ಲಿ ಔಷಧಿ ಇದೆ, ಮಿದುಳಿನ ಬಾಗಿಲಲ್ಲಿ ಸಾಲು. ಏಪ್ರಿಲ್ 14ರ ಮಧ್ಯಾಹ್ನ ನಮ್ಮವ್ವನ ತಲೆಯೊಳಗೆ ಆಗಿದ್ದು ಇದೇ ಇರಬೇಕು.

ಇದರ ಜೊತೆಗೆ ಹೊಟ್ಟೆಯದೂ ಒಂದು ಪಾಲಿದೆ. ಮಾತ್ರೆ ಹೀರಿಕೊಳ್ಳೋದು ಹೊಟ್ಟೇಲಲ್ಲ, ಅದರಾಚೆಯ ಸಣ್ಣ ಕರುಳಲ್ಲಿ. ತುಂಬಾ ಎಣ್ಣೆ, ಕೊಬ್ಬು ಇರೋ ಭರ್ಜರಿ ಊಟ ಹೊಟ್ಟೆಯಿಂದ ಇಳಿಯೋದೇ ನಿಧಾನ. ಈ ಕಾಯಿಲೆ ಇರೋರಿಗೆ ಹೊಟ್ಟೆ ಮೊದಲೇ ನಿಧಾನ. ಊಟದ ಹಿಂದೆ ಸಿಕ್ಕಾಕೊಂಡ ಮಾತ್ರೆ ಕಾಯ್ತಾ ಇರುತ್ತೆ.

ಇಷ್ಟು ಹೇಳಿ ಡಾಕ್ಟ್ರು ನನ್ನಿಂದ ಒಂದು ಲೆಕ್ಕ ಮಾಡಿಸಿದ್ರು. ಅವ್ವನ ತೂಕ 46 ಕೆ.ಜಿ. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 0.8ರಿಂದ 1 ಗ್ರಾಂ ಪ್ರೋಟೀನ್ ಬೇಕು. ಅಂದ್ರೆ ಹತ್ತಿರ ಹತ್ತಿರ 40 ಗ್ರಾಂ. ಅದಕ್ಕಿಂತ ಕಮ್ಮಿ ಮಾಡೋ ಹಾಗಿಲ್ಲ. ಮಾಡಿದ್ರೆ ಮಾಂಸಖಂಡ ಕರಗುತ್ತೆ, ಬೀಳ್ತಾರೆ, ಮೂಳೆ ಮುರೀತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಲೋಟ ಹಾಲಲ್ಲೂ ಹೆಚ್ಚುಕಮ್ಮಿ ಅಷ್ಟೇ. ನೂರು ಗ್ರಾಂ ಹಸಿ ಮಾಂಸದಲ್ಲಿ 20ರ ಹತ್ತಿರ, ನೂರು ಗ್ರಾಂ ಒಣ ಹುರುಳಿಕಾಳಲ್ಲೋ ತೊಗರಿಬೇಳೇಲೋ 22ರ ಹತ್ತಿರ. ರಾಗಿ, ಅಕ್ಕಿ 7, 8. ಈ ಪಟ್ಟಿ ನೋಡಿದ ಮೇಲೆ, ಮಾಂಸ ಬಿಟ್ಟು ಬೇಳೆ ತಿನ್ನಿ ಅನ್ನೋ ಸಲಹೆ ಎಲ್ಲಿಂದ ಬಂತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ವಿಜ್ಞಾನದಿಂದ ಅಂತೂ ಬಂದಿಲ್ಲ.

"ಏನು ತಿನ್ನಬೇಕು ಅನ್ನೋದನ್ನ ಮುಟ್ಟಬೇಡಿ, ಯಾವಾಗ ಅನ್ನೋದನ್ನ ಬದಲಾಯಿಸೋಣ" ಅಂದ್ರು ಡಾಕ್ಟ್ರು. ಹೀಗೆ ಬರೆದುಕೊಟ್ರು: ಮಾತ್ರೆ 7, 12, 5 ಗಂಟೆಗೆ, ಬರೀ ನೀರಲ್ಲಿ, ಒಂದು ಪೂರ್ತಿ ಲೋಟ. ಮಾತ್ರೆ ಆಗಿ ಅರ್ಧ, ಮುಕ್ಕಾಲು ಗಂಟೆ ಬಿಟ್ಟು ಊಟ. ಯಾವತ್ತಾದ್ರೂ ಊಟ ಮೊದಲಾಗಿಬಿಟ್ರೆ ಕನಿಷ್ಠ ಒಂದು ಗಂಟೆ ಬಿಟ್ಟು ಮಾತ್ರೆ, ಭಾರಿ ಊಟ ಆಗಿದ್ರೆ ಎರಡು ಗಂಟೆ. ಹಗಲಲ್ಲಿ ಪ್ರೋಟೀನ್ ಕಮ್ಮಿ ಇರೋ ಊಟ. ದಿನದ ಪ್ರೋಟೀನಿನ ದೊಡ್ಡ ಪಾಲು ರಾತ್ರಿಗೆ, ಓಡಾಡೋ ಕೆಲಸ ಮುಗಿದ ಮೇಲೆ.

ನಮ್ಮನೇಲಿ ಅದು ಹೀಗಾಯ್ತು. 7ಕ್ಕೆ ಮಾತ್ರೆ. 7:45ಕ್ಕೆ ರಾಗಿ ಅಂಬಲಿ ಇಲ್ಲಾ ಅನ್ನದ ಚಿತ್ರಾನ್ನ, ಕಡಲೆಬೀಜ ಹಾಕದೆ. ಕಾಫಿಗೆ ಒಂದು ತೊಟ್ಟು ಹಾಲು, ಅದೂ ಆಮೇಲೆ. 12ಕ್ಕೆ ಮಾತ್ರೆ, 12:45ಕ್ಕೆ ಮುದ್ದೆ, ಸೊಪ್ಪಿನ ಸಾರು ಅಥವಾ ಬದನೆಕಾಯಿ, ಸೋರೆಕಾಯಿ. 5ಕ್ಕೆ ಮಾತ್ರೆ. ರಾತ್ರಿ 7:30ಕ್ಕೆ ಮುದ್ದೆ ಜೊತೆ ಹುರುಳಿಕಾಳೋ, ಮೊಟ್ಟೆಯೋ, ಮೀನೋ, ಭಾನುವಾರ ಮಾಂಸವೋ. ಮುಕ್ಕಾಲು ಪಾವು ಗಾತ್ರದ ಮಾಂಸ ಬೇಡ, ಎಪ್ಪತ್ತು ಎಂಬತ್ತು ಗ್ರಾಂ ಸಾಕು. ಅದರಿಂದ 15 ಗ್ರಾಂ, ಒಂದು ಮೊಟ್ಟೆ ಸೇರಿದ್ರೆ 21, ಮುದ್ದೆಯದೂ ಸೇರಿದ್ರೆ 25. ಹಗಲಿನ ರಾಗಿ, ಅಕ್ಕಿ, ಕಾಫಿಯಿಂದ 15. ಲೆಕ್ಕ ಸರಿಹೋಯ್ತು.

ಮೊದಲ ದಿನವೇ ಎಲ್ಲ ಸರಿಹೋಯ್ತು ಅನ್ಕೋಬೇಡಿ. ಎರಡನೇ ದಿನ ಬೆಳಿಗ್ಗೆ ಅವ್ವ ಬರಿಹೊಟ್ಟೇಲಿ ಮಾತ್ರೆ ನುಂಗಿ ವಾಂತಿ ಮಾಡ್ಕೊಂಡಳು. "ನಿನ್ ಡಾಕ್ಟ್ರು ನನ್ನ ಸಾಯುಸ್ತಾಳೆ ಕಣ್ಲಾ" ಅಂತ ಬೈದಳು. ಫೋನ್ ಮಾಡಿ ಕೇಳಿದ್ದಕ್ಕೆ, ಮಾತ್ರೆ ಜೊತೆ ಒಂದು ಹಿಡಿ ಪುರಿಯೋ, ಅರ್ಧ ಬಾಳೆಹಣ್ಣೋ ಕೊಡಿ, ಅದರಲ್ಲಿ ಪ್ರೋಟೀನ್ ಇಲ್ಲದಂಗೇನೇ ಅಂದ್ರು. ಪುರಿ ಡಬ್ಬ ಮಾತ್ರೆ ಡಬ್ಬದ ಪಕ್ಕ ಬಂತು. ವಾಂತಿ ನಿಂತಿತು.

ಇನ್ನೊಂದು ನಾನು ಯೋಚನೆಯೇ ಮಾಡದ್ದು. ರಕ್ತ ಕಮ್ಮಿ ಇದೆ ಅಂತ ಆರೋಗ್ಯ ಕೇಂದ್ರದಿಂದ ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ರು. ಅವ್ವ ಎಲ್ಲ ಮಾತ್ರೆಗಳನ್ನ ಒಟ್ಟಿಗೆ ಅಂಗೈಗೆ ಹಾಕ್ಕೊಂಡು ಒಂದೇ ಗುಟುಕಿಗೆ ನುಂಗೋಳು. ಕಬ್ಬಿಣ ಲೆವೊಡೋಪವನ್ನ ಹೊಟ್ಟೇಲೇ ಹಿಡ್ಕೊಂಡುಬಿಡುತ್ತೆ, ಕರುಳಿಗೆ ಹೀರಿಕೊಳ್ಳೋಕೆ ಬಿಡಲ್ಲ. ಎರಡರ ನಡುವೆ ಎರಡು ಗಂಟೆಯಾದ್ರೂ ಅಂತರ ಇರಬೇಕು. ಅದನ್ನ ಬೇರೆ ಹೊತ್ತಿಗೆ ಸರಿಸಿದ್ವಿ. ನಮ್ಮ ಹೆಣ್ಮಕ್ಕಳಲ್ಲಿ ರಕ್ತ ಕಮ್ಮಿ ಇಲ್ಲದೋರು ಯಾರಿದ್ದಾರೆ ಹೇಳಿ. ಇದನ್ನ ದಯವಿಟ್ಟು ನೋಡ್ಕೊಳ್ಳಿ.

ಎರಡನೇ ವಾರಕ್ಕೆ ಲೆಡ್ಜರಿನ ಬಣ್ಣವೇ ಬದಲಾಯ್ತು. 12ರ ಮಾತ್ರೆ 12:40, 12:45ಕ್ಕೆಲ್ಲ ಹಿಡೀತಿತ್ತು, ಮೂರು ಗಂಟೆ ತನಕ ನಡೀತಿತ್ತು. ಅವ್ವ ತಾನೇ ತಟ್ಟೆ ತೊಳೆದಳು. ಆದ್ರೆ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ ತನಕ ಬಿಗಿತ ಹಾಗೇ ಇತ್ತು. ಏನು ತಿಂದ್ರೂ, ತಿನ್ನದಿದ್ರೂ, ದಿನಾ ಅದೇ ಹೊತ್ತು. ಲೆಡ್ಜರ್ ಇದ್ದಿದ್ದಕ್ಕೆ ಇದು ಬೇರೆ ಅಂತ ಗೊತ್ತಾಯ್ತು. ಊಟ ಬದಲಾದ ಹಾಗೆ ಬಿಗಿತ ಬದಲಾದ್ರೆ ಅದು ಊಟದ ತಕರಾರು. ಊಟ ಏನೇ ಇರಲಿ, ಮಾತ್ರೆ ನುಂಗಿ ಇಷ್ಟು ಗಂಟೆಗೆ ಅಂತ ಲೆಕ್ಕದ ಪ್ರಕಾರ ಬಿಗಿದ್ರೆ ಅದು ಮಾತ್ರೆ ಮುಗಿದು ಹೋಗೋದು. ಅದನ್ನ ಊಟದಿಂದ ಸರಿ ಮಾಡೋಕಾಗಲ್ಲ, ಡಾಕ್ಟ್ರೇ ಮಾತ್ರೆಗಳ ಅಂತರ ಸರಿ ಮಾಡಬೇಕು. ಇದು ಗೊತ್ತಿಲ್ಲದೆ ಎಷ್ಟೋ ಮನೇಲಿ ಪ್ರೋಟೀನ್ ಕಮ್ಮಿ ಮಾಡ್ತಾ ಮಾಡ್ತಾ ರೋಗೀನ ಒಣಗಿಸ್ತಾರೆ.

ಮೂರನೇ ವಾರ ಹೊಸ ಭಯ. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಅವ್ವನ ಕುತ್ತಿಗೆ, ಭುಜ ತನ್ನಷ್ಟಕ್ಕೆ ತಾನೇ ಬಳುಕೋಕೆ ಶುರುವಾಯ್ತು. ನಡುಕ ಅಲ್ಲ, ಅಲೆ ಥರ. ಪಕ್ಕದ ಮನೆಯವರು ಮೈಮೇಲೆ ಬಂದಿದೆ ಅಂದ್ರು. ನಾನು ಕಾಯಿಲೆ ಜಾಸ್ತಿ ಆಯ್ತು ಅನ್ಕೊಂಡೆ. ಫೋನಲ್ಲಿ ವಿಡಿಯೋ ಮಾಡ್ಕೊಂಡು ಹೋಗಿ ತೋರಿಸಿದೆ. ಡಾಕ್ಟ್ರು, "ಇದು ಔಷಧಿ ಕಮ್ಮಿ ಆಗಿದ್ದಲ್ಲ, ಜಾಸ್ತಿ ಆಗಿದ್ದು. ಮೊದಲು ಅರ್ಧಂಬರ್ಧ ತಲುಪ್ತಿದ್ದ ಮಾತ್ರೆ ಈಗ ಪೂರ್ತಿ ತಲುಪ್ತಾ ಇದೆ" ಅಂದ್ರು. 12ರ ಒಂದು ಮಾತ್ರೆಯನ್ನ ಎರಡು ಮಾಡಿ 12ಕ್ಕೆ ಅರ್ಧ, 2:30ಕ್ಕೆ ಅರ್ಧ ಮಾಡಿದ್ರು. ಬಳುಕೋದು ನಿಂತಿತು. ಹಾಗಾಗಿ ಒಂದು ಮಾತು: ಈ ಪೋಸ್ಟ್ ಓದಿ ಊಟದ ಹೊತ್ತು ಬದಲಾಯಿಸೋರು ನಿಮ್ಮ ಡಾಕ್ಟ್ರಿಗೆ ಮೊದಲು ತಿಳಿಸಿ. ಊಟದ ಹೊತ್ತು ಬದಲಾದ್ರೆ ಮಾತ್ರೆಯ ಅಳತೆ ಬದಲಾದ ಹಾಗೇನೇ. ಮತ್ತೆ, ಹಿಡೀತಿಲ್ಲ ಅಂತ ಸಿಟ್ಟಿಗೆ ಈ ಮಾತ್ರೇನ ಯಾವತ್ತೂ ಒಮ್ಮೆಲೇ ನಿಲ್ಲಿಸಬೇಡಿ. ಜ್ವರ ಏರಿ, ಮೈ ಪೂರ್ತಿ ಸೆಟೆದು ಜೀವಕ್ಕೇ ಬರುತ್ತೆ.

ರಾತ್ರಿ ಊಟಕ್ಕೆ ಪ್ರೋಟೀನ್ ಸರಿಸಿದ್ದಕ್ಕೂ ಬೆಲೆ ಕೊಟ್ಟಿದ್ದೀವಿ. ಮಲಗಿದ ಮೇಲೆ ಮಗ್ಗುಲು ಬದಲಾಯಿಸೋಕೆ ಅವ್ವನಿಗೆ ಆಗ್ತಿರಲಿಲ್ಲ, ರಾತ್ರಿ ಎರಡು ಮೂರು ಸಲ ಕೂಗೋಳು. ಡಾಕ್ಟ್ರು ಮಲಗೋ ಹೊತ್ತಿಗೆ ನಿಧಾನವಾಗಿ ಬಿಡೋ ಬಗೆಯ ಮಾತ್ರೆ ಒಂದು ಸೇರಿಸಿದ್ರು, 10 ಗಂಟೆಗೆ, ಅಂದ್ರೆ ಊಟ ಆಗಿ ಎರಡೂವರೆ ಗಂಟೆ ಮೇಲೆ. ಆ ಮಾತ್ರೇನ ಅಗಿಯೋ ಹಾಗಿಲ್ಲ, ಪುಡಿ ಮಾಡೋ ಹಾಗಿಲ್ಲ, ಹಾಗೇ ನುಂಗಬೇಕು. ಈಗ ಒಂದು ಸಲ ಕೂಗ್ತಾಳೆ.

ಕಾಯಿಲೆ ಈಗಷ್ಟೇ ಶುರುವಾಗಿರೋರಿಗೆ, ಮಾತ್ರೆ ದಿನವೆಲ್ಲ ಚೆನ್ನಾಗಿ ನಡೀತಿರೋರಿಗೆ ಈ ಯಾವ ಕಟ್ಟುಪಾಡೂ ಬೇಕಿಲ್ಲ. ಸುಮ್ಮನೆ ತಿನ್ನಲಿ. ಹೊಟ್ಟೆ ತೊಳೆಸಿದ್ರೆ ಊಟದ ಜೊತೇಲೇ ನುಂಗಲಿ. ಯಾವುದಾದರೂ ಒಂದು ಹೊತ್ತಿನ ಮಾತ್ರೆ ಪದೇ ಪದೇ ಕೈಕೊಡ್ತಾ ಇದ್ರೆ ಆಗ ನಾಲ್ಕು ಕಾಲಂ ಗೆರೆ ಎಳೀರಿ.

ಹಗಲಲ್ಲಿ ನಾನು ಆಫೀಸಿನಲ್ಲಿರ್ತೀನಿ. 12 ಗಂಟೆಗೆ, 2:30ಕ್ಕೆ ನನ್ನ ಫೋನ್ ಬಡ್ಕೊಳುತ್ತೆ. ನಾನು ಮನೆಗೆ ಫೋನ್ ಮಾಡಿ "ಅವ್ವಾ, ಮಾತ್ರೆ" ಅಂತೀನಿ. ಪಕ್ಕದ ಟೇಬಲ್ಲಿನವರು ಮೊದಲು ನಗ್ತಿದ್ರು. ಈಗ ನಾನು ಸೆಕ್ಷನ್ನಿನಲ್ಲಿ ಇಲ್ಲದಿದ್ರೆ ಅವರೇ "ಅಮ್ಮನ ಮಾತ್ರೆ ಟೈಮಾಯ್ತು" ಅಂತ ಫೋನ್ ಮಾಡ್ತಾರೆ.

ಮೂರು ತಿಂಗಳಿಗೆ ಅವ್ವ 46ರಿಂದ 48.5 ಕೆ.ಜಿ. ಆದಳು. ಮಾಂಸ ಮತ್ತೆ ಶುರು ಮಾಡಿದ ಮೊದಲ ಭಾನುವಾರ ಹೆಂಡತಿ ಸಾರು ಮಾಡಿ ಮಧ್ಯಾಹ್ನ ಒಂದಕ್ಕೇ ಇಳಿಸಿಬಿಟ್ಟಿದ್ದಳು. ಮನೆಯೆಲ್ಲ ವಾಸನೆ. ಮಕ್ಕಳು ತಟ್ಟೆ ಹಿಡಿದು ಕೂತವು. ಅವ್ವನ ಮುಂದೆ ಸೊಪ್ಪಿನ ಸಾರು. ಅವಳು ಒಂದು ಸಲ ಪಾತ್ರೆ ಕಡೆ, ಒಂದು ಸಲ ಗೋಡೆ ಮೇಲಿನ ಗಡಿಯಾರದ ಕಡೆ ನೋಡಿದಳು. "ಆಮೇಕೆ ಏಳೂವರೆಗೆ ನಂಗೆ ಮೂಳೆ ತುಂಡು ಎತ್ತಿಡವ್ವಾ, ಇವು ಏನೂ ಉಳ್ಸಾಕಿಲ್ಲ" ಅಂದಳು ಸೊಸೆಗೆ.

ಈಗ ನಮ್ಮನೇಲಿ ಭಾನುವಾರ ಎಲ್ಲರೂ ಮಾಂಸ ತಿನ್ನೋದು ರಾತ್ರಿ ಏಳೂವರೆಗೇ.